ಹತ್ತೊಂಬತ್ತು ಹರಳು

ನೂಲಗೇರಿಯ ಲಗಮವ್ವನಿಗೆ ಓದು ಬರಹ ಬರುತ್ತಿರಲಿಲ್ಲ. ಕೊನೆಕೊನೆಗೆ ಕಣ್ಣುಗಳೂ ಕೈಕೊಟ್ಟವು. ಆದರೂ ವರ್ಷಕ್ಕೊಂದು ದಿನ ಊರ ಗೌಡನಿಂದ ಹಿಡಿದು ಗಾಣದ ದುಂಡಪ್ಪನವರೆಗೆ ಎಲ್ಲರೂ ಅವಳೆದುರು ಬಂದು ಸುಮ್ಮನೆ ನಿಲ್ಲುತ್ತಿದ್ದರು. ಉಳಿದ ಮುನ್ನೂರು ಚಿಲ್ಲರೆ ದಿನ ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ, ಅವಳಿಗೂ ಅದರಿಂದ ಬೇಸರವಿರಲಿಲ್ಲ. ಅವಳ ನಾಲಿಗೆ ಸ್ವಲ್ಪ ಖಾರದ್ದು. ಮಾತಾಡಿಸಿದವರು ಅದನ್ನು ಅನುಭವಿಸಿಯೇ ಹೋಗುತ್ತಿದ್ದರು.

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ಬಂಡಿದಾರಿಯಿಂದ ಒಂದು ಕೂಗಳತೆ ಒಳಗಿತ್ತು ಆ ಊರು. ಓಣಿಗಳು ಬಂದು ಸೇರುವ ಜಾಗಕ್ಕೆ ಅಲ್ಲಿ ಕೂಟ ಎನ್ನುತ್ತಿದ್ದರು. ಅಂಥ ಕೂಟ ಆರು: ಊರ ಹೆಬ್ಬಾಗಿಲಾದ ಅಗಸಿ, ಹನುಮಪ್ಪನ ಗುಡಿ, ಸೇದುವ ಬಾವಿ, ಚಾವಡಿ, ಮಠ, ಗಾಣ. ಅವುಗಳ ನಡುವೆ ಹತ್ತು ಓಣಿ. ಯುಗಾದಿಯ ಮುಂಚಿನ ಮಂಗಳವಾರ ಈ ಹತ್ತೂ ಓಣಿಗಳಿಗೆ ಒಂದೇ ಎಳೆ ನೂಲು ಹಾಸುವುದು ಊರಿನ ಪದ್ಧತಿ. ಅಗಸಿಯ ಬೇವಿನ ಮರದಿಂದ ಹೊರಟ ನೂಲು ಯಾವ ಓಣಿಯನ್ನೂ ಬಿಡದೆ, ಯಾವ ಓಣಿಯಲ್ಲೂ ಎರಡನೆಯ ಸಲ ಹೋಗದೆ, ಮತ್ತೆ ಅದೇ ಬೇವಿನ ಮರಕ್ಕೆ ಬಂದು ಮುಟ್ಟಬೇಕು. ಅಲ್ಲಿ ಹೊರಟ ತುದಿಗೂ ಬಂದ ತುದಿಗೂ ಗಂಟು. ಓಣಿ ಬಿಟ್ಟುಹೋದರೆ ಬೇನೆ ಅಲ್ಲಿಂದ ಒಳಗೆ ಬರುತ್ತದೆ, ಎರಡು ಎಳೆ ಬಿದ್ದರೆ ಆ ಓಣಿಯಲ್ಲಿ ಎರಡು ಹೆಣ ಏಳುತ್ತವೆ ಎಂದು ನಂಬಿಕೆ. ನೂಲು ಹೋಗುವಾಗ ಓಣಿಯ ಪ್ರತಿ ಮನೆಯ ಬಾಗಿಲೂ ತೆರೆದಿರಬೇಕು. ಇಷ್ಟು ಕರಾರು ಹಾಕಿದ ಹಿರಿಯರು ಯಾವ ಓಣಿಯ ಮೇಲೆ ಯಾವ ಓಣಿ ಹಿಡಿಯಬೇಕೆಂದು ಮಾತ್ರ ಹೇಳದೆ ಸತ್ತಿದ್ದರು. ಆ ತಲೆನೋವನ್ನು ಲಗಮವ್ವನ ಮನೆತನಕ್ಕೆ ಬಿಟ್ಟಿದ್ದರು.

ಲಗಮವ್ವ ಕಿತ್ತೂರಿನ ಕಡೆಯಿಂದ ಹನ್ನೆರಡನೆಯ ವಯಸ್ಸಿಗೆ ಸೊಸೆಯಾಗಿ ಬಂದವಳು. ಅತ್ತೆ ಕಾಡವ್ವ ಅವಳಿಗೆ ಈ ವಿದ್ಯೆಯನ್ನು ಕಲಿಸಿದ್ದು ರೊಟ್ಟಿ ತಟ್ಟುವ ಹೊತ್ತಿನಲ್ಲಿ. ಹರವಿದ ಜೋಳದ ಹಿಟ್ಟಿನಲ್ಲಿ ಬೆರಳಿನಿಂದ ಆರು ಕುಳಿ ಒತ್ತಿ, ಅವುಗಳ ನಡುವೆ ಹತ್ತು ಗೆರೆ ಎಳೆದು, ಬೆರಳೆತ್ತದೆ ತಿದ್ದು ಎನ್ನುತ್ತಿದ್ದಳು. ಹುಡುಗಿ ತಿದ್ದಿ ತಿದ್ದಿ ಸೋತಾಗ ಕಾಡವ್ವ ಗುಟ್ಟು ಹೇಳಿದಳು. ದಾರಿ ಹುಡುಕುವ ಮೊದಲು ದಾರಿ ಇದೆಯೋ ಇಲ್ಲವೋ ನೋಡಿಕೊಳ್ಳಬೇಕು. ಪ್ರತಿ ಕೂಟದಲ್ಲಿ ನಿಂತು ಅಲ್ಲಿಗೆ ಬಂದು ಸೇರುವ ಓಣಿಯ ತುದಿಗಳನ್ನು ಎಣಿಸಬೇಕು. ನೂಲು ಒಂದು ತುದಿಯಿಂದ ಕೂಟಕ್ಕೆ ಬಂದರೆ ಇನ್ನೊಂದು ತುದಿಯಿಂದ ಹೊರಗೆ ಹೋಗಲೇಬೇಕು. ಹೀಗೆ ತುದಿಗಳು ಜೋಡಿ ಜೋಡಿಯಾಗಿ ಮುಗಿಯುತ್ತವೆ. ಹೊರಟ ಕೂಟದಲ್ಲೂ ಮೊದಲು ಹೋದ ತುದಿಗೆ ಕೊನೆಗೆ ಬಂದ ತುದಿ ಜೋಡಿ. ಎಲ್ಲಾದರೂ ಒಂದು ಕೂಟದಲ್ಲಿ ಮೂರೋ ಐದೋ ತುದಿ ಇದ್ದು ಒಂದು ಒಂಟಿಯಾಗಿ ಉಳಿದರೆ, ಬ್ರಹ್ಮ ಬಂದರೂ ನೂಲು ಹೊರಟಲ್ಲಿಗೆ ಮುಟ್ಟುವುದಿಲ್ಲ.

ಎಲ್ಲ ಕೂಟಗಳೂ ಜೋಡಿಯಾಗಿದ್ದರೆ? ಆಗ ಹೆದರಿಕೆಯೇ ಬೇಡ ಎಂದಳು ಕಾಡವ್ವ. ಓಣಿಗಳೆಲ್ಲ ಒಂದಕ್ಕೊಂದು ಕೂಡಿಕೊಂಡಿರುವ ಊರಾಗಿದ್ದರೆ ಸಾಕು. ಕಣ್ಣು ಮುಚ್ಚಿ ನಡೆದರೂ ಸಿಕ್ಕಿಬೀಳುವುದು ಹೊರಟ ಕೂಟದಲ್ಲಿ ಮಾತ್ರ, ಬೇರೆಲ್ಲ ಕಡೆ ಒಳಗೆ ಬಂದವನಿಗೆ ಹೊರಗೆ ಹೋಗಲು ಒಂದು ತುದಿ ಇದ್ದೇ ಇರುತ್ತದೆ. ಕೆಲವು ಓಣಿ ಉಳಿದುಹೋದವೋ, ನೂಲು ಹಾಯ್ದ ಯಾವುದೋ ಕೂಟದಲ್ಲಿ ಅವುಗಳ ತುದಿ ಸಿಕ್ಕೇ ಸಿಗುತ್ತದೆ. ಅಲ್ಲಿಂದ ಇನ್ನೊಂದು ಸುತ್ತು ಹೋಗಿ ಅಲ್ಲಿಗೇ ಬಂದು, ಆ ಸುತ್ತನ್ನು ಮೊದಲಿನ ಸುತ್ತಿನ ನಡುವೆ ಸೇರಿಸಿಬಿಡುವುದು. ಹಿಟ್ಟಿನ ಮೇಲೆ ಅದನ್ನು ಮಾಡಿ ತೋರಿಸಿ, ಆಮೇಲೆ ಆ ಹಿಟ್ಟಿನಲ್ಲೇ ರೊಟ್ಟಿ ಮಾಡಿಸಿದಳು.

ಲಗಮವ್ವನ ಹೆಸರು ಊರಿನಲ್ಲಿ ಓಡಾಡಿದ್ದು ಅವಳ ಮೂವತ್ತನೆಯ ವಯಸ್ಸಿನಲ್ಲಿ. ಆಗಿನ ಗೌಡ ಗುಡಿಗೂ ಬಾವಿಗೂ ನಡುವಿನ ಓಣಿಯನ್ನು ನುಂಗಿ ದನದ ಕೊಟ್ಟಿಗೆ ಕಟ್ಟಿದ. ಆ ವರ್ಷ ಗಂಡಸರು ಮೂರು ಸಲ ನೂಲು ಹಾಸಿದರು, ಮೂರು ಸಲವೂ ಎಲ್ಲಾದರೊಂದು ಕಡೆ ಕೆಟ್ಟಿತು. ಲಗಮವ್ವ ಕೊಟ್ಟಿಗೆಯ ಮುಂದೆ ನಿಂತು, ಗುಡಿಯಲ್ಲಿ ಮೂರು ತುದಿ ಉಳಿದಿವೆ, ಬಾವಿಯಲ್ಲೂ ಮೂರು, ನೀವು ಸಾಯುವವರೆಗೆ ಹಾಸಿದರೂ ಇದು ಮುಗಿಯುವುದಿಲ್ಲ ಎಂದಳು. ಗುಡಿಯಿಂದ ಹೊರಟರೆ ಬಾವಿಗೆ ಹೋಗಿ ಮುಗಿಯುತ್ತದೆ, ಬಾವಿಯಿಂದ ಹೊರಟರೆ ಗುಡಿಗೆ, ಗಂಟು ಮಾತ್ರ ಬೀಳುವುದಿಲ್ಲ. ಗೌಡ ಉರಿದುಬಿದ್ದ. ಆದರೂ ಕೊಟ್ಟಿಗೆಯ ಎರಡೂ ಗೋಡೆಗೆ ಬಾಗಿಲು ಒಡೆಸಿ, ಎಮ್ಮೆಗಳ ನಡುವೆ ನೂಲು ಹಾಯಲು ಜಾಗ ಬಿಟ್ಟ. ಅಂದಿನಿಂದ ಲಗಮವ್ವ ಜೋಡಿ ಎಂದರೆ ಜೋಡಿ, ಒಂಟಿ ಎಂದರೆ ಒಂಟಿ.

ಅವಳಿಗೆ ಒಬ್ಬನೇ ಮಗ, ಪರಸಪ್ಪ. ಮೈಗಟ್ಟಿನವನು, ದುಡಿಮೆಗಾರ, ಆದರೆ ಎದೆ ಸಣ್ಣದು. ಗುಡುಗಿದರೆ ಒಳಗೆ ಬಂದು ಕೂರುವವನು. ಲೆಕ್ಕವಂತೂ ಅವನ ತಲೆಗೆ ಹತ್ತಲೇ ಇಲ್ಲ. ಹತ್ತಿದ್ದು ಅವನ ಹೆಂಡತಿ ಶಟ್ಟೆವ್ವನಿಗೆ. ರಾಮದುರ್ಗದ ಸೀಮೆಯ ತೊರಗಲ್ಲಿನಿಂದ ಬಂದ ಈ ಹುಡುಗಿ ಒಂದೇ ಬೇಸಿಗೆಯಲ್ಲಿ ಅತ್ತೆಯ ವಿದ್ಯೆಯನ್ನೆಲ್ಲ ಕುಡಿದುಬಿಟ್ಟಳು. ಲಗಮವ್ವನ ಕಣ್ಣಿಗೆ ಪೊರೆ ಬಂದು ಹಗಲೂ ಮಸುಕಾದ ಮೇಲೆ, ಕೂಟದಿಂದ ಕೂಟಕ್ಕೆ ಕೈಹಿಡಿದು ಕರೆದೊಯ್ಯುತ್ತಿದ್ದವಳು ಅವಳೇ. ಅತ್ತೆ ಸೊಸೆ ದಿನವಿಡೀ ಜಗಳ ಆಡುತ್ತಿದ್ದರು. ರೊಟ್ಟಿ ದಪ್ಪ, ನೂಲು ಸಡಿಲ, ನೀರು ಉಪ್ಪು, ಜಗಳಕ್ಕೆ ಏನಾದರೂ ಸಾಕು. ಒಬ್ಬರನ್ನು ಬಿಟ್ಟು ಒಬ್ಬರು ಉಂಡದ್ದನ್ನು ಮಾತ್ರ ಯಾರೂ ನೋಡಿರಲಿಲ್ಲ.

ಸಾವಿರದ ಒಂಬೈನೂರ ಮೂರರ ಸುಮಾರಿಗೆ ಗಂಟಿನ ಬೇನೆ ಆ ಸೀಮೆಗೆ ಮತ್ತೊಮ್ಮೆ ಬಂತು. ಪ್ಲೇಗು ಎಂದು ಸರಕಾರದವರು ಅನ್ನುತ್ತಿದ್ದುದು ಅದನ್ನೇ. ಚಳಿಗಾಲದ ಒಂದು ಮುಂಜಾನೆ ಚಾವಡಿಯ ಹತ್ತಿರ ಇಲಿ ಸತ್ತು ಬಿತ್ತು. ಇಲಿ ಬಿದ್ದರೆ ಊರು ಬಿಡಬೇಕು, ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮಧ್ಯಾಹ್ನದೊಳಗೆ ಊರಿಗೆ ಊರೇ ಹೊಲಗಳಿಗೆ ನಡೆದು, ದಂಟು ಕಟ್ಟಿ ಗುಡಿಸಲು ಹಾಕಿಕೊಂಡಿತು. ಲಗಮವ್ವನನ್ನು ದುಂಡಪ್ಪನ ಬಂಡಿಯಲ್ಲಿ ಮುಂದಾಗಿ ಕಳಿಸಿದ್ದರು. ಸಂಜೆಗೆ ಪರಸಪ್ಪ ಒಬ್ಬನೇ ಬಂದ. ಶಟ್ಟೆವ್ವ ಎಲ್ಲಿ ಎಂದರೆ, ಅವಳ ಅಣ್ಣ ಬಂದಿದ್ದ, ತೊರಗಲ್ಲಿಗೆ ಕರೆದುಕೊಂಡು ಹೋದ ಎಂದ.

ಲಗಮವ್ವನಿಗೆ ಸಿಟ್ಟು ನೆತ್ತಿಗೇರಿತು. ಹೋಗುತ್ತೇನೆ ಎಂದು ಒಂದು ಮಾತು ಹೇಳದೆ, ಕಾಲು ಮುಟ್ಟದೆ, ಕುರುಡಿಯನ್ನು ಹೊಲದಲ್ಲಿ ಬಿಟ್ಟು ತವರಿಗೆ ಓಡಿದಳೇ! ಮೊದಲ ತಿಂಗಳು ಬೈದಳು. ಎರಡನೆಯ ತಿಂಗಳು ಬೈಯುವುದನ್ನು ಬಿಟ್ಟು, ಬಂಡಿಯ ಸದ್ದು ಕೇಳಿದಾಗೆಲ್ಲ ಗುಡಿಸಲಿನ ಬಾಗಿಲಿಗೆ ಬರತೊಡಗಿದಳು. ಮೂರನೆಯ ತಿಂಗಳು ಬಾಯಿಬಿಟ್ಟು ಹೇಳಿಯೇಬಿಟ್ಟಳು: ಊರೊಳಗೆ ಹೋದ ದಿನವೇ ಬಂಡಿ ಕಟ್ಟಿಸಿ ಸೊಸೆಯನ್ನು ಕರೆತರಬೇಕು, ಅವಳಿಲ್ಲದೆ ನನ್ನ ಜೀವ ನಡೆಯುವುದಿಲ್ಲ. ಪರಸಪ್ಪ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಅವನು ಸೊರಗುತ್ತಿದ್ದಾನೆ ಎಂದು ನೆರೆಯವರು ಹೇಳಿದರೆ, ಹೆಂಡತಿಯ ನೆನಪು ಎಂದುಕೊಂಡಳು.

ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೆ ಬೇನೆ ಅಡಗಿತು. ಊರೊಳಗೆ ಹೋಗಬಹುದು ಎಂದು ಮಾಮಲೇದಾರರಿಂದ ಅಪ್ಪಣೆಯೂ ಬಂತು. ಆದರೆ ನೂಲು ಹಾಸದೆ ಒಳಗೆ ಕಾಲಿಡಲು ಯಾರಿಗೂ ಧೈರ್ಯವಿರಲಿಲ್ಲ. ಮೂರು ತಿಂಗಳು ಪಾಳುಬಿದ್ದ ಊರು. ಮಣ್ಣಿನ ಗೋಡೆಗಳು ಎಲ್ಲಿ ಕುಸಿದಿವೆಯೋ, ಯಾವ ಓಣಿ ಮುಚ್ಚಿದೆಯೋ, ಹಳೆಯ ಲೆಕ್ಕವನ್ನು ನಂಬುವಂತಿರಲಿಲ್ಲ. ಈಗಿನ ಗೌಡ ಮಹಾಂತಪ್ಪ ಹಿಂದಿನವನ ಮಗ, ಅಪ್ಪನಿಗಿಂತ ಸಮಾಧಾನಿ. ಅವನು ಲಗಮವ್ವನನ್ನೇ ಕೇಳಿದ. ಅವಳು ಆರು ಜನರನ್ನು ಆರಿಸಿದಳು. ಒಬ್ಬೊಬ್ಬರು ಒಂದೊಂದು ಕೂಟಕ್ಕೆ ಹೋಗಬೇಕು, ಬೇರೆಲ್ಲೂ ತಿರುಗಬಾರದು. ಅಲ್ಲಿ ತೆರೆದಿರುವ ಒಂದೊಂದು ಓಣಿಯ ತುದಿಗೂ ಒಂದೊಂದು ಹರಳು ಹೆಕ್ಕಿ, ಬಟ್ಟೆಯಲ್ಲಿ ಕಟ್ಟಿ ತಂದು ತನ್ನ ಕೈಗೆ ಕೊಡಬೇಕು. ಮಠದ ಕೂಟಕ್ಕೆ ದುಂಡಪ್ಪ ಹೋದ. ಚಾವಡಿಯ ಕೂಟ ನನಗಿರಲಿ ಎಂದು ಪರಸಪ್ಪ ತಾನಾಗಿಯೇ ಮುಂದೆ ಬಂದ. ಎಂದೂ ಮುಂದೆ ಬಾರದವನು ಬಂದನಲ್ಲ ಎಂದು ತಾಯಿಗೆ ಒಳಗೊಳಗೇ ಹಿಗ್ಗಾಯಿತು.

ಅವರ ಮನೆ ಇದ್ದದ್ದು ಚಾವಡಿಗೂ ಮಠಕ್ಕೂ ನಡುವೆ, ನೂಲಿನ ಓಣಿ ಎಂದು ಕರೆಯುವ ಓಣಿಯಲ್ಲಿ.

ಅಗಸಿಯ ಬೇವಿನ ಕೆಳಗೆ ಊರೆಲ್ಲ ನೆರೆದಿತ್ತು. ಲಗಮವ್ವ ಕಂಬಳಿಯ ಮೇಲೆ ಕೂತು, ಬಂದ ಗಂಟುಗಳನ್ನು ಒಂದೊಂದಾಗಿ ಬಿಚ್ಚಿ, ಬೆರಳಿನಿಂದ ಮುಟ್ಟಿ ಸಾಲಿಟ್ಟಳು. ಅಗಸಿ ಎರಡು. ಗುಡಿ ನಾಲ್ಕು. ಬಾವಿ ನಾಲ್ಕು. ಮಠ ನಾಲ್ಕು. ಗಾಣ ಎರಡು. ಚಾವಡಿಯ ಗಂಟು ಕೊನೆಗೆ ಬಂತು. ಬಿಚ್ಚಿದರೆ ಮೂರು. ಬಟ್ಟೆಯನ್ನು ಕೊಡವಿ ನೋಡಿದಳು, ನೆಲವನ್ನು ಸವರಿದಳು, ನಾಲ್ಕನೆಯದು ಇರಲಿಲ್ಲ.

ಎಲ್ಲವನ್ನೂ ಕೂಡಿಸಿದಳು. ಹತ್ತೊಂಬತ್ತು. ಅವಳ ಎದೆ ಧಸಕ್ಕೆಂದಿತು. ಐವತ್ತು ವರ್ಷದಲ್ಲಿ ಅವಳ ಕೈಗೆ ಅಂಥ ಮೊತ್ತ ಬಂದಿರಲಿಲ್ಲ. ಕೂಟದಲ್ಲಿ ಒಂಟಿ ಬರುವುದುಂಟು, ಅದು ಊರಿನ ಕರ್ಮ. ಆದರೆ ಇಡೀ ಊರಿನ ಮೊತ್ತವೇ ಒಂಟಿಯಾಗುವುದು ಹೇಗೆ?

ಸುತ್ತಲಿನವರಿಗೆ ಇದು ತಿಳಿಯಲಿಲ್ಲ. ಮಹಾಂತಪ್ಪಗೌಡ ಬಗ್ಗಿ ಏನಾಯಿತೆಂದು ಕೇಳಿದ.

"ಗೌಡ್ರ, ಹತ್ತೊಂಬತ್ತ ಹರಳ ಬಂದಾವ," ಎಂದಳು ಲಗಮವ್ವ. "ಒಂದ ಓಣಿಗೆ ಎರಡ ತುದಿ. ಹತ್ತೊಂಬತ್ತ ತುದಿ ಅಂದ್ರ ಒಂಬತ್ತೂವರಿ ಓಣಿ ಆತು. ಆ ಅರ್ಧಾ ಓಣಿ ಯಾರ ಮನಿ ಮುಂದ ಐತ್ರಿ?"

ಕೆಲವರು ನಕ್ಕರು. ಲಗಮವ್ವ ನಗಲಿಲ್ಲ. ಓಣಿ ಇದ್ದರೆ ಈ ಕೂಟದವನಿಗೊಂದು ಹರಳು, ಆ ಕೂಟದವನಿಗೊಂದು ಹರಳು. ಇಲ್ಲವಾದರೆ ಇಬ್ಬರಿಗೂ ಇಲ್ಲ. ಊರು ಹೇಗೇ ಇರಲಿ, ಮೊತ್ತ ಜೋಡಿಯಾಗಿಯೇ ಬರಬೇಕು. ಬರಲಿಲ್ಲ ಎಂದರೆ ಯಾವುದೋ ಒಂದು ಓಣಿಯನ್ನು ಒಂದು ತುದಿಯವನು ಕಂಡಿದ್ದಾನೆ, ಇನ್ನೊಂದು ತುದಿಯವನು ಕಂಡಿಲ್ಲ. ಅವಳು ಚಾವಡಿಯ ಮೂರು ಹರಳನ್ನು ಅಂಗೈಯಲ್ಲಿ ಹಿಡಿದು ಮಗನನ್ನು ಕರೆದಳು.

ಪರಸಪ್ಪ ಮೊದಲೇ ಯೋಚಿಸಿಕೊಂಡಿದ್ದವನಂತೆ ಹೇಳಿದ. ನಮ್ಮ ಓಣಿಯ ಬಾಯಲ್ಲಿ ಗೋಡೆ ಬಿದ್ದು ಮಣ್ಣು ತುಂಬಿದೆ, ಚಾವಡಿಯ ಕಡೆ ದಾರಿ ಮುಚ್ಚಿಹೋಗಿದೆ, ಅದಕ್ಕೇ ಎಣಿಸಲಿಲ್ಲ. ಮಠದ ಕಡೆಯಿಂದ ಅದು ದುಂಡಪ್ಪನಿಗೆ ಕಂಡಿರಬೇಕು. ಜನಕ್ಕೆ ಸಮಾಧಾನವಾಯಿತು. ಲಗಮವ್ವನಿಗೂ ಒಂದು ಕ್ಷಣ ಉಸಿರು ಬಂದಂತಾಯಿತು. ಆದರೆ ಹಾಗಿದ್ದರೆ ಅದು ಕುರುಡು ಓಣಿ. ಮಠದಿಂದ ಒಳಗೆ ಹೋದ ನೂಲು ಅದೇ ದಾರಿಯಲ್ಲಿ ಮರಳಿ ಬರಬೇಕು, ಅಂದರೆ ಎರಡು ಎಳೆ. ಅದು ಆಗದ ಮಾತು.

"ಹಂಗಾದ್ರ ಆ ಓಣೀನ ಬಿಟ್ಟಬಿಡ ಯವ್ವ," ಎಂದ ಪರಸಪ್ಪ. ಅವನ ದನಿ ಸ್ವಲ್ಪ ಮೇಲೇರಿತ್ತು. "ದುಂಡಪ್ಪನ ಹರಳಿನಾಗೂ ಒಂದ ತಗದ ಒಗಿ. ಎಲ್ಲಾ ಕೂಡಿ ಹದಿನೆಂಟ ಆಗತಾವ. ಜೋಡಿ ಆತಲ್ಲ."

ಗೌಡ ತಲೆದೂಗಿದ. ಬಿದ್ದ ಓಣಿ ಓಣಿಯೇ ಅಲ್ಲ, ಅದನ್ನು ಬಿಟ್ಟರೆ ದೋಷವಿಲ್ಲ ಎಂದು ಹಿರಿಯರೂ ಒಪ್ಪಿದರು. ಲಗಮವ್ವ ದುಂಡಪ್ಪನ ನಾಲ್ಕರಲ್ಲಿ ಒಂದನ್ನು ಎತ್ತಿ ಪಕ್ಕಕ್ಕಿಟ್ಟು, ಸಾಲನ್ನು ಮತ್ತೆ ಸವರಿದಳು. ಅಗಸಿ ಎರಡು, ಗುಡಿ ನಾಲ್ಕು, ಬಾವಿ ನಾಲ್ಕು, ಗಾಣ ಎರಡು. ಚಾವಡಿ ಮೂರು, ಮಠ ಮೂರು. ಮೊತ್ತ ಜೋಡಿಯಾಗುವುದು ಯಾವ ಊರಿಗಾದರೂ ಆಗುತ್ತದೆ. ನೂಲಿಗೆ ಬೇಕಾದದ್ದು ಒಂದೊಂದು ಕೂಟವೂ ಜೋಡಿಯಾಗುವುದು. ಇಷ್ಟು ವರ್ಷ ತಾಯಿಯ ಪಕ್ಕದಲ್ಲಿ ರೊಟ್ಟಿ ತಿಂದ ಮಗ ಇದನ್ನೇ ಕಲಿತಿರಲಿಲ್ಲ. ಆ ಓಣಿ ಬಿಟ್ಟರೆ ಎರಡು ಕೂಟ ಒಂಟಿ, ಕೊಟ್ಟಿಗೆಯ ವರ್ಷದ ಕಥೆಯೇ ಮತ್ತೆ. ನೂಲು ಅಗಸಿಗೆ ಬಂದು ಮುಟ್ಟುವುದೇ ಇಲ್ಲ ಎಂದು ಅವಳು ಹೇಳಿದಳು.

ಚಾವಡಿಯಲ್ಲಿ ಶುರುಮಾಡಿ ಮಠದಲ್ಲಿ ಮುಗಿಸಿದರಾಗದೇ ಎಂದ ಯಾರೋ. ಮುಗಿಸಬಹುದು, ಗಂಟು ಎಲ್ಲಿ ಹಾಕುತ್ತೀ ಎಂದು ಲಗಮವ್ವ ಕೇಳಿದ ಮೇಲೆ ಅವನು ಹಿಂದೆ ಸರಿದ.

ಗೌಡನಿಗೆ ಇದು ದೊಡ್ಡ ಸಂಗತಿಯಾಗಿ ಕಾಣಲಿಲ್ಲ. ಬಿದ್ದದ್ದು ಮಣ್ಣು ತಾನೇ? ಹತ್ತು ಜನ ಸಲಿಕೆ ತಗೊಂಡು ಹೋದರೆ ಊಟದ ಹೊತ್ತಿಗೆ ದಾರಿ ಆಗುತ್ತದೆ. ಅವನು ಜನರ ಹೆಸರು ಹಿಡಿದು ಕರೆಯತೊಡಗಿದ. ಆಗ ಪರಸಪ್ಪ ತಾಯಿಯ ಮುಂದೆ ಬಂದು ಕೂತ. ಮಣ್ಣು ಬಿದ್ದಿಲ್ಲ, ಗೋಡೆ ಬಿದ್ದಿಲ್ಲ, ಓಣಿ ಇದ್ದ ಹಾಗೇ ಇದೆ ಎಂದ.

"ಮತ್ಯಾಕ ಮೂರ ತಂದಿ?" ಎಂದಳು ತಾಯಿ.

"ಆ ಓಣ್ಯಾಗ ನೂಲ ಬ್ಯಾಡ ಯವ್ವ. ನಮ್ಮ ಮನಿ ಬಾಗಲಾ ತಗೀಬ್ಯಾಡ್ರಿ. ಆಕಿ ತೊರಗಲ್ಲಿಗೆ ಹೋಗಿಲ್ಲ. ಅಲ್ಲೇ ಒಳಗ ಅದಾಳ."

ಲಗಮವ್ವನ ಮಡಿಲಿನಿಂದ ಹರಳುಗಳು ಉರುಳಿ ಚೆಲ್ಲಾಡಿದವು. ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಅರ್ಥವಾಯಿತು, ಆದರೆ ನಂಬಲು ಆಗಲಿಲ್ಲ. ತಾನು ಹೆತ್ತ ಮಗ, ಗುಡುಗಿಗೆ ಹೆದರಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದವನು, ಮೂರು ತಿಂಗಳು ತನ್ನ ಪಕ್ಕದಲ್ಲೇ ಮಲಗೆದ್ದು ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದನೇ?

ಅವನು ಹೇಳಿದ್ದು ಇಷ್ಟು. ಊರು ಬಿಡುವ ದಿನ ಮಧ್ಯಾಹ್ನ ಶಟ್ಟೆವ್ವನಿಗೆ ಮೈ ಸುಟ್ಟಿತು, ಕಿವಿಯ ಕೆಳಗೆ ಗಂಟು ಎದ್ದಿತು. ಸರಕಾರದವರಿಗೆ ತಿಳಿದರೆ ಅವಳನ್ನು ಎಲ್ಲಿಗೋ ಹೊತ್ತುಕೊಂಡು ಹೋಗುತ್ತಾರೆ, ಮನೆಯ ಮಾಳಿಗೆ ಕಿತ್ತು ಸಾಮಾನು ಸುಡುತ್ತಾರೆ. ಊರವರಿಗೆ ತಿಳಿದರೆ ಹೊಲದಲ್ಲೂ ಸೇರಿಸುವುದಿಲ್ಲ. ಒಂದು ಕೊಡ ನೀರಿಟ್ಟು, ಹೊರಗಿನಿಂದ ಕೀಲಿ ಹಾಕಿ ಬಂದ. ಇಳಿಹೊತ್ತಿನಲ್ಲಿ ಕಳ್ಳನ ಹಾಗೆ ಹೋಗಿ, ಮಾಳಿಗೆ ಹತ್ತಿ, ಬೆಳಕಿಂಡಿಯಿಂದ ಹಗ್ಗದಲ್ಲಿ ರೊಟ್ಟಿ ನೀರು ಬಿಡುತ್ತಿದ್ದ. ಒಂಬತ್ತು ದಿನ ಕೆಳಗಿನಿಂದ ಹಗ್ಗ ಜಗ್ಗಿತು. ಹತ್ತನೆಯ ದಿನ ಜಗ್ಗಲಿಲ್ಲ. ರೊಟ್ಟಿಯ ಗಂಟು ತೂಗಾಡುತ್ತ ಹಾಗೇ ಉಳಿಯಿತು. ಅವನು ಹಗ್ಗವನ್ನು ಅಲ್ಲೇ ಬಿಟ್ಟು ಓಡಿಬಂದ, ಮತ್ತೆ ಆ ಕಡೆ ಮುಖ ಹಾಕಲಿಲ್ಲ. ಈಗ ಚಾವಡಿಯ ತುದಿಯೊಂದನ್ನು ಮುಚ್ಚಿಟ್ಟರೆ ನೂಲು ಆ ಓಣಿಗೆ ಹೋಗುವುದಿಲ್ಲ, ಬಾಗಿಲು ತೆರೆಯುವ ಪ್ರಸಂಗ ಬರುವುದಿಲ್ಲ ಎಂದುಕೊಂಡಿದ್ದ. ಮಠದಲ್ಲಿ ನಿಂತ ದುಂಡಪ್ಪನಿಗೂ ಅದೇ ಓಣಿ ಕಾಣುತ್ತದೆ ಎಂಬುದು ಹರಳು ಹೆಕ್ಕುವಾಗ ಅವನಿಗೆ ಹೊಳೆದಿರಲಿಲ್ಲ.

ಲಗಮವ್ವ ಎದ್ದು ನಿಂತಳು. ಯಾರೂ ಬರದಿದ್ದರೂ ತಾನು ಹೋಗುತ್ತೇನೆ ಎಂದಳು. ದುಂಡಪ್ಪ ಕೈಹಿಡಿದ. ಗೌಡ, ನಾಲ್ಕೈದು ಜನ, ಹಿಂದೆ ಪರಸಪ್ಪ. ಓಣಿಯಲ್ಲಿ ಹುಲ್ಲು ಬೆಳೆದು ಕಾಲಿಗೆ ತಾಗುತ್ತಿತ್ತು. ಕೀಲಿಕೈ ಪರಸಪ್ಪನ ಉಡದಾರದಲ್ಲೇ ಇತ್ತು. ಅವನು ಅದನ್ನು ಬಿಚ್ಚಿ ಗೌಡನ ಕೈಗೆ ಕೊಟ್ಟ, ಗೌಡನೇ ಕೀಲಿ ತೆಗೆದ. ಮೂಗಿಗೆ ಬಟ್ಟೆ ಕಟ್ಟಿಕೊಂಡು ದುಂಡಪ್ಪ ಒಳಗೆ ಹೋದ. ಲಗಮವ್ವ ಬಾಗಿಲಿನ ಚೌಕಟ್ಟನ್ನು ಹಿಡಿದು ನಿಂತಳು. ಅವಳ ಜೀವವೆಲ್ಲ ಕಿವಿಗೆ ಬಂದಿತ್ತು.

ಬಹಳ ಹೊತ್ತಿನ ಮೇಲೆ ದುಂಡಪ್ಪನ ದನಿ ಒಳಗಿನಿಂದ ಕೇಳಿತು.

"ಲಗಮವ್ವ, ಇಲ್ಲಿ ಯಾರೂ ಇಲ್ಲ."

ಅವಳು ಗೋಡೆ ಸವರುತ್ತ ಒಳಗೆ ಹೋದಳು. ಬೀಸುಕಲ್ಲು, ನೂಲಿನ ರಾಟಿ, ಬರಿದಾದ ಕೊಡ, ಬೆಳಕಿಂಡಿಯಿಂದ ಇಳಿಬಿದ್ದ ಹಗ್ಗ. ಹಗ್ಗದ ತುದಿಯ ಗಂಟನ್ನು ಇಲಿ ತಿಂದಿತ್ತು. ಇನ್ನೂ ಮುಂದೆ ಹೋದಾಗ ಮುಖಕ್ಕೆ ಗಾಳಿ ಬಡಿಯಿತು. ಅಡಿಗೆಮನೆಯ ಹಿಂದಿನ ಹಸಿಇಟ್ಟಿಗೆಯ ಗೋಡೆಯಲ್ಲಿ ಒಬ್ಬರು ತೂರುವಷ್ಟು ಕಿಂಡಿ. ಅದರ ಬುಡದಲ್ಲಿ ಒನಕೆ ಬಿದ್ದಿತ್ತು. ಲಗಮವ್ವ ಕಿಂಡಿಯ ಅಂಚನ್ನು ಮುಟ್ಟಿ ಮುಟ್ಟಿ ನೋಡಿದಳು. ಸಾಯುವ ಹೆಣ್ಣು ದಿನಕ್ಕೊಂದು ಇಟ್ಟಿಗೆಯಂತೆ ಕುಟ್ಟಿ ಮಾಡಿಕೊಂಡ ದಾರಿ ಅದು. ಪರಸಪ್ಪ ಅದನ್ನು ನೋಡಿ ನೆಲದ ಮೇಲೆ ಬಿದ್ದು ಮಗುವಿನಂತೆ ಅತ್ತ. ಇಲ್ಲದ ಹೆಣವನ್ನು ಅವನು ಮೂರು ತಿಂಗಳು ಹೊತ್ತಿದ್ದ. ಹತ್ತನೆಯ ದಿನ ಒಮ್ಮೆ ಬಾಗಿಲು ತೆರೆದಿದ್ದರೆ ಸಾಕಿತ್ತು.

ಆ ದಿನ ನೂಲು ಹಾಸಿದರು. ಚಾವಡಿಗೆ ನಾಲ್ಕನೆಯ ಹರಳು ಬಂದ ಮೇಲೆ ಎಲ್ಲ ಕೂಟವೂ ಜೋಡಿ. ಅಗಸಿಯಿಂದ ಗುಡಿ, ಗುಡಿಯಿಂದ ಚಾವಡಿ, ಅಲ್ಲಿಂದ ಗಾಣ, ಗಾಣದಿಂದ ಮಠ, ಮಠದಿಂದ ನೂಲಿನ ಓಣಿ ಹಿಡಿದು ಮತ್ತೆ ಚಾವಡಿ, ಬಾವಿ, ಗುಡಿ, ಮಠ, ಬಾವಿ, ಕೊನೆಗೆ ಅಗಸಿ. ಲಗಮವ್ವ ಬಾಯಿಂದ ಹೇಳಿದಳು, ದುಂಡಪ್ಪ ನಡೆದ. ಗಂಟು ಬಿತ್ತು. ಜನ ಮನೆಗಳಿಗೆ ಹೋದರು. ಅವಳು ಮನೆಗೆ ಹೋಗದೆ ಬೇವಿನ ಕೆಳಗೇ ಕೂತು ದುಂಡಪ್ಪನಿಗೆ ಬಂಡಿ ಕಟ್ಟಲು ಹೇಳಿದಳು. ಮಗ ಬರುತ್ತೇನೆ ಎಂದಾಗ ಬೇಡವೆಂದು ಕೈಯಾಡಿಸಿದಳು.

ಸವದತ್ತಿ ದಾಟಿ ತೊರಗಲ್ಲು ಮುಟ್ಟಲು ಎರಡು ದಿನ ಹಿಡಿಯಿತು. ದಾರಿಯುದ್ದಕ್ಕೂ ಅವಳು ಒಂದೇ ಹೆದರಿಕೆಯಲ್ಲಿದ್ದಳು: ಆ ಮೈಯಲ್ಲಿ ಹೊರಟವಳು ತವರನ್ನು ಮುಟ್ಟಿದಳೋ, ದಾರಿಯಲ್ಲೇ ಬಿದ್ದಳೋ? ಕೋಟೆಯ ಗುಡ್ಡದ ಕೆಳಗಿನ ಆ ಮನೆಯ ಮುಂದೆ ಬಂಡಿ ನಿಂತಾಗ ಒಳಗೆ ಬೀಸುವ ಸದ್ದು ಕೇಳುತ್ತಿತ್ತು. ಬಂಡಿಯ ಸದ್ದಿಗೆ ಅದು ನಿಂತಿತು. ಯಾರೋ ಬಾಗಿಲಿಗೆ ಬಂದರು. ಹೆಜ್ಜೆಯಲ್ಲೇ ಲಗಮವ್ವ ಗುರುತು ಹಿಡಿದಳು, ಹಿಡಿದು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. ಅಷ್ಟು ದಿನ ಬಾರದ ಅಳು ಆಗ ಬಂತು.

ಶಟ್ಟೆವ್ವ ನೀರು ತಂದುಕೊಟ್ಟಳು. ಲಗಮವ್ವ ಅವಳ ಮುಖ ಸವರಿದಳು. ಕೆನ್ನೆ ಒಳಗೆ ಹೋಗಿತ್ತು. ಕಿವಿಯ ಕೆಳಗೆ ಗಂಟು ಒಡೆದು ಮಾಯ್ದ ಗಾಯ ಬೆರಳಿಗೆ ಒರಟಾಗಿ ಸಿಕ್ಕಿತು. ಗಂಟು ಒಡೆದ ಮೇಲೆ ಜ್ವರ ಇಳಿಯಿತಂತೆ. ಮಲಪ್ರಭೆಯ ದಂಡೆಯಲ್ಲಿ ಕುರಿ ಕಾಯುವವರು ಎಂಟು ದಿನ ಹಾಲು ಕುಡಿಸಿ ಉಳಿಸಿಕೊಂಡರಂತೆ. ಆಮೇಲೆ ನಡೆದೇ ಬಂದಳಂತೆ. ನೂಲಗೇರಿಗೆ ಸುದ್ದಿ ಕಳಿಸಬೇಡ ಎಂದು ಅಣ್ಣನಿಂದ ಆಣೆ ಮಾಡಿಸಿಕೊಂಡಿದ್ದಳು. ಇದನ್ನೆಲ್ಲ ಅವಳು ಬೇರೆ ಯಾರದೋ ಸಂಗತಿಯಂತೆ ಹೇಳಿದಳು. ಮಗ ಹೇಳಿದ ಸುಳ್ಳನ್ನೂ ತಾನು ಅದನ್ನು ನಂಬಿ ಕೂತದ್ದನ್ನೂ ಲಗಮವ್ವ ಹೇಳಿ, ಮನೆಗೆ ಬಾ ಎಂದಳು. ಪರಸಪ್ಪನನ್ನು ಹೊರಗೆ ಹಾಕುತ್ತೇನೆ, ನಾವಿಬ್ಬರೇ ಇರೋಣ ಎಂದಳು. ಜೀವಮಾನದಲ್ಲಿ ಯಾರನ್ನೂ ಬೇಡದವಳು ಬೇಡಿಕೊಂಡಳು.

"ಬರೂದಿಲ್ರಿ ಅತ್ತಿ," ಎಂದಳು ಶಟ್ಟೆವ್ವ. "ಅವಗ ಅಂಜಿಕಿ ಇತ್ತು, ಕೀಲಿ ಹಾಕಿದ. ಅದನ್ನ ನಾ ಎಂದಾದ್ರೂ ಮರತೇನು. ನಿಮ್ಮದ ಮರೆಯಾಕ ಆಗೂದಿಲ್ಲ. ನಾ ಒಂಬತ್ತ ದಿನ ಬೆಳಕಿಂಡಿ ಕೆಳಗ ಕುಂತು ನಿಮ್ಮ ದನಿ ಕೇಳತೈತೇನ ಅಂತ ಕಾದೇನಿ. ಮುಂದ ಇಲ್ಲಿಗೆ ಬಂದ ಮ್ಯಾಲೂ ಕಾದೇನಿ. ತೊರಗಲ್ಲಿಗೆ ಹೋದ್ಳು ಅಂತ ಅವ ಹೇಳಿದ, ನೀವು ನಂಬಿದ್ರಿ. ಬಂದು ಮುಟ್ಯಾಳೇನ ಅಂತ ಇಲ್ಲಿಗೆ ಒಂದ ಆಳ ಕಳಿಸಿ ಕೇಳಲಿಲ್ಲ. ಓಣೀನ ಎರಡೂ ತುದಿಗೆ ನಿಂತು ಎಣಸಬೇಕು ಅಂತ ನನಗ ಕಲಿಸಿದಾಕಿ ನೀವ ಅಲ್ರಿ?"

ಮೂರು ತಿಂಗಳು ಲಗಮವ್ವ ಬಂಡಿಗಳ ಸದ್ದಿಗೆ ಕಿವಿಕೊಟ್ಟು ಕೂತಿದ್ದಳು, ಒಂದು ಬಂಡಿಗೂ ಸುದ್ದಿ ಕೇಳಿಬಾ ಎಂದು ಹೇಳಿರಲಿಲ್ಲ. ಊರಿನ ಒಂದು ಹರಳು ತಪ್ಪಿದ್ದಕ್ಕೆ ಅವಳ ಎದೆ ಧಸಕ್ಕೆಂದಿತ್ತು. ಸೊಸೆಯ ವಿಷಯದಲ್ಲಿ ಒಂದೇ ತುದಿಯ ಮಾತು ಸಾಕಾಗಿತ್ತು. ಅದನ್ನು ಈಗ ತಿಳಿದು ಅವಳು ಬೆಚ್ಚಿಬಿದ್ದಳು. ಮಗನ ಸುಳ್ಳಿಗೂ ಅಷ್ಟು ಬೆಚ್ಚಿರಲಿಲ್ಲ.

ಶಟ್ಟೆವ್ವ ಉಣ್ಣಲು ಹಾಕಿದಳು. ರೊಟ್ಟಿ ತೆಳ್ಳಗಿತ್ತು, ಲಗಮವ್ವ ಅದನ್ನು ಹೇಳಲಿಲ್ಲ. ಸೊಸೆ ಬಂಡಿಯವರೆಗೆ ಕೈಹಿಡಿದು ಕರೆತಂದು, ಹತ್ತಿಸಿ, ಒಳಗೆ ಹೋದಳು. ಮತ್ತೆ ಬೀಸುವ ಸದ್ದು ಶುರುವಾಯಿತು.

ಊರ ಹೊರಗೆ ಬಂದ ಮೇಲೆ ದುಂಡಪ್ಪ ಎತ್ತುಗಳನ್ನು ನಿಧಾನ ಮಾಡಿ, ಏನಂದಳು ಎಂದು ಕೇಳಿದ.

"ಬರೂದಿಲ್ಲಂತ," ಎಂದಳು ಲಗಮವ್ವ. ಬಂಡಿ ಹಳ್ಳ ಇಳಿದು ಏರಿತು. ಆಮೇಲೆ ತನಗೇ ಹೇಳಿಕೊಂಡಂತೆ ಹೇಳಿದಳು. "ಆಕಿ ಎಣಿಸಿದ್ದು ಸರಿ ಐತಿ."